ನಾವು 'ಕೇರ್‌ಗಿವರ್' ಅಂತೆ, ಈಗೇನು ಮಾಡೋದು?

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರ ಮರದ ಗಾಣದ ಎಣ್ಣೆ ಮಾಡೋ ಸಣ್ಣ ಕಂಪನಿ. ಹನ್ನೊಂದು ಜನ ಇದ್ದೀವಿ. ಹೆಚ್ಚಾಗಿ ಕಡಲೆಕಾಯಿ ಎಣ್ಣೆ, ಜೊತೆಗೆ ಕೊಬ್ಬರಿ, ಎಳ್ಳು. ಯಾವ ಊರಿನ ಕಾಯಿ, ಯಾವತ್ತು ಆಡಿಸಿದ್ದು ಅಂತ ಪ್ರತಿ ಬಾಟಲಿ ಮೇಲೂ ಬರೀತೀವಿ. ಈಚೆಗೆ ಬೆಂಗಳೂರಿನ ಒಂದು ಏಜೆನ್ಸಿ ಬಂದು ವರ್ಕ್‌ಶಾಪ್ ಮಾಡಿ, ನಮ್ಮ ಬ್ರ್ಯಾಂಡ್ ಆರ್ಕಿಟೈಪ್ 'ಕೇರ್‌ಗಿವರ್ 60, ಸೇಜ್ 30, ಎಕ್ಸ್‌ಪ್ಲೋರರ್ 10' ಪರ್ಸೆಂಟ್ ಅಂತ ಹೇಳಿದ್ರು. ಆರ್ಕಿಟೈಪ್ ಅಂದ್ರೆ ಬ್ರ್ಯಾಂಡ್‌ಗೆ ಮನುಷ್ಯರ ಥರ ಒಂದು ಸ್ವಭಾವ ಕೊಡೋ ಹನ್ನೆರಡು ಮಾದರಿಗಳಂತೆ: ಕೇರ್‌ಗಿವರ್ ಅಂದ್ರೆ ಕಾಳಜಿ ಮಾಡೋರು, ಸೇಜ್ ಅಂದ್ರೆ ತಿಳಿದವರು, ಎಕ್ಸ್‌ಪ್ಲೋರರ್ ಅಂದ್ರೆ ಹೊಸದು ಹುಡುಕೋರು. ಅದಕ್ಕೇ ಲೇಬಲ್ ಬದಲಾಯಿಸಿ ಅಮ್ಮ ಬಡಿಸ್ತಿರೋ ಚಿತ್ರ ಹಾಕ್ಬೇಕಂತೆ. ನನ್ನ ಪಾರ್ಟ್ನರ್ 'ಇದೆಲ್ಲ ಜಾತಕ ಇದ್ದಂಗೆ, ದುಡ್ಡು ದಂಡ' ಅಂತಾನೆ. ನನಗೆ ವರ್ಕ್‌ಶಾಪ್ ಇಷ್ಟ ಆಯ್ತು, ಆದ್ರೆ ಮಾರನೇ ದಿನದಿಂದ ಏನು ಬದಲಾಗ್ಬೇಕು ಅಂತ ಗೊತ್ತಾಗ್ಲಿಲ್ಲ. ಇದರಿಂದ ಉಪಯೋಗ ಇದೆಯಾ?

ಉತ್ತರ: ನಿಮ್ಮ ಪಾರ್ಟ್ನರ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಅರ್ಧವನ್ನೇ ಮೊದಲು ನೋಡೋಣ, ಯಾಕಂದ್ರೆ ಅದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರ ಬಿಟ್ಟು 'ಇದು ನಿನ್ನ ಫಲಿತಾಂಶ' ಅಂತ ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಟ್ಟು, ನಿಮ್ಮ ಬಗ್ಗೆ ಎಷ್ಟು ಸರಿಯಾಗಿ ಹೇಳಿದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾಯಿತು, ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಸಾಲುಗಳನ್ನು ಫೋರರ್ ಬಹುಪಾಲು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಯಾರಿಗೆ ಓದಿದರೂ 'ಹೌದಲ್ವಾ, ಇದು ನಾನೇ' ಅನ್ನಿಸುವಂಥ ಮಾತುಗಳು.

ಆರ್ಕಿಟೈಪ್ ವರ್ಕ್‌ಶಾಪ್‌ನಲ್ಲಿ ಇದೇ ಆಗುವ ಅಪಾಯ ತುಂಬಾ ಜಾಸ್ತಿ. 'ನಿಮ್ಮ ಬ್ರ್ಯಾಂಡ್ ಜನರ ಬಗ್ಗೆ ಕಾಳಜಿ ವಹಿಸುತ್ತದೆ, ನಂಬಿಕೆ ಉಳಿಸಿಕೊಳ್ಳುತ್ತದೆ, ಲಾಭಕ್ಕಿಂತ ಮನುಷ್ಯರು ಮುಖ್ಯ ಅನ್ನುತ್ತದೆ.' ಇದನ್ನು ಕೇಳಿ 'ಇಲ್ಲ, ನಮಗೆ ಲಾಭವೇ ಮುಖ್ಯ' ಅಂತ ಎದ್ದು ಹೇಳುವ ಮಾಲೀಕರು ಯಾರಿದ್ದಾರೆ?

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಏಜೆನ್ಸಿ ಕೊಟ್ಟ ಫೈಲಿನಲ್ಲಿ ಕೇರ್‌ಗಿವರ್ ಬಗ್ಗೆ ಒಂದು ಪುಟ ಇರುತ್ತದೆ. ಅದರ ಜೊತೆಗೆ ಕ್ರಿಯೇಟರ್, ಎವ್ರಿಮ್ಯಾನ್, ಇನ್ನೊಸೆಂಟ್ ಬಗ್ಗೆಯೂ ಒಂದೊಂದು ಪುಟ ಕೇಳಿ ತರಿಸಿಕೊಳ್ಳಿ. ಹೆಸರುಗಳನ್ನು ಅಳಿಸಿ ನಾಲ್ಕನ್ನೂ ಪ್ರಿಂಟ್ ತೆಗೆಯಿರಿ. ವರ್ಕ್‌ಶಾಪ್‌ನಲ್ಲಿ ಇರದ ಜನರಿಗೆ ಕೊಡಿ: ಗಾಣದ ಹತ್ತಿರ ಕೆಲಸ ಮಾಡುವವರು, ಲೆಕ್ಕ ಬರೆಯುವವರು, ಮೊದಲಿನಿಂದ ಎಣ್ಣೆ ಕೊಳ್ಳುತ್ತಿರುವ ಒಂದಿಬ್ಬರು ಗಿರಾಕಿಗಳು. 'ಇದರಲ್ಲಿ ನಮ್ಮ ಕಂಪನಿ ಯಾವುದು?' ಅಂತ ಕೇಳಿ. ಹೆಚ್ಚಿನವರು ಒಂದೇ ಪುಟ ತೋರಿಸಿದರೆ ಅದರಲ್ಲಿ ಏನೋ ಹುರುಳಿದೆ. ಒಬ್ಬೊಬ್ಬರು ಒಂದೊಂದು ತೋರಿಸಿದರೆ, ಅಥವಾ 'ನಾಲ್ಕೂ ನಮ್ಮದೇ ಅನ್ಸುತ್ತೆ' ಅಂದರೆ, ನಿಮ್ಮ ಪಾರ್ಟ್ನರ್ ಗೆದ್ದಂತೆ.

ಇನ್ನು ಅವರ ಮಾತಿನಲ್ಲಿ ಸರಿ ಇಲ್ಲದ ಅರ್ಧ. ಜಾತಕ ನಿಮ್ಮ ಬಗ್ಗೆ ನಿಮ್ಮನ್ನು ಕೇಳದೆ ಹೇಳುತ್ತದೆ. ಆರ್ಕಿಟೈಪ್ ಅನ್ನು ನೀವೇ ಆರಿಸಿಕೊಳ್ಳಬೇಕು, ಆರಿಸಿಕೊಂಡ ಮೇಲೆ ಅದರಂತೆ ನಡೆಯಬೇಕು. ನಡೆಯದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ವರ್ಕ್‌ಶಾಪ್ ಆದ ಮಾರನೇ ದಿನ ಏನು ಬದಲಾಗಬೇಕು ಅಂತ ಗೊತ್ತಾಗಲಿಲ್ಲ ಅಂದಿರಲ್ಲ, ಅಸಲಿ ಸಮಸ್ಯೆ ಅದೇ.

ಈ ಹನ್ನೆರಡು ಹೆಸರುಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ತಿಳಿದಿದ್ದರೆ ಏಜೆನ್ಸಿಯವರ ಜೊತೆ ಮಾತಾಡಲು ಅನುಕೂಲ. ಸ್ಲೈಡ್‌ನಲ್ಲಿ ಸ್ವಿಸ್ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರ ಫೋಟೋ ಇದ್ದಿರಬೇಕು, ಸಾಮಾನ್ಯವಾಗಿ ಇರುತ್ತದೆ. ಯೂಂಗ್ ಆರ್ಕಿಟೈಪ್ ಬಗ್ಗೆ ಬರೆದದ್ದು ನಿಜ. ಆದರೆ ಕನಸು, ಪುರಾಣ, ಕಥೆಗಳಲ್ಲಿ ಮತ್ತೆ ಮತ್ತೆ ಬರುವ ರೂಪಗಳ ಬಗ್ಗೆ ಅವರು ಬರೆದರು. ಹನ್ನೆರಡರ ಪಟ್ಟಿ ಅವರದಲ್ಲ. ಅದು ಕ್ಯಾರಲ್ ಪಿಯರ್ಸನ್ ಅವರದು. ಮನುಷ್ಯರ ಬೆಳವಣಿಗೆ ಬಗ್ಗೆ ಬರೆಯುತ್ತಾ 1986ರಲ್ಲಿ ಆರು ರೂಪಗಳನ್ನು ಹೇಳಿದ್ದರು, 1991ರ ಹೊತ್ತಿಗೆ ಅವು ಹನ್ನೆರಡಾದವು. ಆಮೇಲೆ ಜಾಹೀರಾತು ಲೋಕದಲ್ಲಿ ಕೆಲಸ ಮಾಡಿದ್ದ ಮಾರ್ಗರೆಟ್ ಮಾರ್ಕ್ ಅವರ ಜೊತೆ ಸೇರಿ 2001ರಲ್ಲಿ ಅದನ್ನು ಬ್ರ್ಯಾಂಡ್‌ಗಳಿಗೆ ಹೊಂದಿಸಿದರು. ಇವತ್ತು ಎಲ್ಲ ಏಜೆನ್ಸಿಗಳು ತೋರಿಸುವ ಆರ್ಕಿಟೈಪ್ ಚಕ್ರದ ಚಿತ್ರದಲ್ಲೂ ತಿರುಗುವುದು, ಸಣ್ಣಪುಟ್ಟ ಹೆಸರು ಬದಲಾವಣೆ ಬಿಟ್ಟರೆ, ಆ ಪಟ್ಟಿಯೇ.

ಒಂದೇ ಆರ್ಕಿಟೈಪ್ ಸ್ಪಷ್ಟವಾಗಿ ಕಾಣುವ ಬ್ರ್ಯಾಂಡ್‌ಗಳು ಹಣದ ಲೆಕ್ಕದಲ್ಲೂ ಮುಂದಿವೆ ಅಂತ ಪಿಯರ್ಸನ್ ಮತ್ತು ಮಾರ್ಕ್ ಯಂಗ್ ಅಂಡ್ ರೂಬಿಕಮ್ ಎಂಬ ಜಾಹೀರಾತು ಸಂಸ್ಥೆಯ ಸಮೀಕ್ಷೆಯ ಅಂಕಿಅಂಶ ಇಟ್ಟುಕೊಂಡು ವಾದಿಸಿದ್ದರು. ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ನೈಕಿ ದೊಡ್ಡ ಬ್ರ್ಯಾಂಡ್ ಆದ್ದರಿಂದ ಜನಕ್ಕೆ ಅದರ ಚಿತ್ರ ಸ್ಪಷ್ಟವಾಗಿದೆಯಾ, ಚಿತ್ರ ಸ್ಪಷ್ಟವಾಗಿದ್ದರಿಂದ ಅದು ದೊಡ್ಡದಾಯಿತಾ? ವರ್ಷಗಟ್ಟಲೆ ಕೋಟಿಗಟ್ಟಲೆ ಸುರಿದು ಜಾಹೀರಾತು ಮಾಡಿದ ಬ್ರ್ಯಾಂಡ್ ಬಗ್ಗೆ ಯಾರನ್ನು ಕೇಳಿದರೂ ಒಂದೇ ಥರದ ಉತ್ತರ ಬರುತ್ತದೆ. ಹಾಗಾಗಿ 'ಆರ್ಕಿಟೈಪ್ ಸರಿಯಾಗಿ ಹಿಡಿದರೆ ಗಿರಾಕಿಯ ಒಳಮನಸ್ಸು ತಟ್ಟುತ್ತದೆ, ವ್ಯಾಪಾರ ಏರುತ್ತದೆ' ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನಾಗಿ. ನಿಮ್ಮ ಗಿರಾಕಿ ಬಾಟಲಿ ಹಿಡಿದು 'ಇದು ಸೇಜ್' ಅಂದುಕೊಳ್ಳೋದಿಲ್ಲ. ಅವರಿಗೆ ಎಣ್ಣೆ ಖಾಲಿಯಾಗಿದೆ, ಅಷ್ಟೇ. ಈ ಉಪಕರಣ ಇರೋದು ಗಿರಾಕಿಗಲ್ಲ, ಒಳಗಿರುವ ನಿಮ್ಮ ಹನ್ನೊಂದು ಜನಕ್ಕೆ.

ಈಗ ನಿಮ್ಮ ಸರಕಿನ ವಿಷಯಕ್ಕೆ ಬರೋಣ. ಅಡುಗೆ ಎಣ್ಣೆ ಮಾರುವವರಿಗೆ 'ನೀವು ಕೇರ್‌ಗಿವರ್' ಅನ್ನೋದು ಏನನ್ನೂ ಹೇಳದೆ ಇದ್ದಂತೆ. ಯಾಕಂದ್ರೆ ಇಡೀ ಎಣ್ಣೆ ಮಾರುಕಟ್ಟೆಯೇ ಕೇರ್‌ಗಿವರ್. ಧಾರಾ ಎಣ್ಣೆಯ ಹಳೇ ಜಿಲೇಬಿ ಜಾಹೀರಾತು ನೆನಪಿದೆಯಾ? ಮನೆ ಬಿಟ್ಟು ರೈಲ್ವೆ ಸ್ಟೇಷನ್‌ಗೆ ಹೊರಟ ಪುಟ್ಟ ಹುಡುಗ, ಮನೆಯಲ್ಲಿ ಅಮ್ಮ ಜಿಲೇಬಿ ಮಾಡಿದ್ದಾಳೆ ಅಂದ ಕೂಡಲೇ ಕರಗಿಬಿಡ್ತಾನೆ. ಅದಾದ ಮೇಲೆ ಬಂದ ಎಷ್ಟೋ ಎಣ್ಣೆ ಜಾಹೀರಾತುಗಳಲ್ಲಿ ಅಡುಗೆಮನೆ ಇದೆ, ಅಮ್ಮ ಅಥವಾ ಹೆಂಡತಿ ಇದ್ದಾರೆ, ಊಟದ ಟೇಬಲ್ ಸುತ್ತ ಮನೆಮಂದಿ ಇದ್ದಾರೆ, ಒಂದಷ್ಟು ಹೃದಯದ ಮಾತಿದೆ. ನಿಮ್ಮ ಹೊಸ ಲೇಬಲ್ ಮೇಲೆ ಅಮ್ಮ ಬಡಿಸುತ್ತಿದ್ದರೆ ಅದೇ ಸಾಲಿನಲ್ಲಿ ಕೊನೆಗೆ ಹೋಗಿ ನಿಂತಂತೆ. ಅವರ ಜಾಹೀರಾತು ಖರ್ಚಿನ ಒಂದು ಚೂರೂ ನಿಮ್ಮ ಹತ್ತಿರ ಇಲ್ಲ.

ಇದು ಆರ್ಕಿಟೈಪ್‌ನ ತುಂಬಾ ಸಾಮಾನ್ಯವಾದ ದುರ್ಬಳಕೆ. ಸರಕಿನ ಗುಣವನ್ನು ಬ್ರ್ಯಾಂಡ್‌ನ ಗುಣ ಅಂತ ಬರೆದುಕೊಡೋದು. ಆಸ್ಪತ್ರೆ ಬಂದರೆ ಕೇರ್‌ಗಿವರ್, ಕೋಚಿಂಗ್ ಸೆಂಟರ್ ಬಂದರೆ ಸೇಜ್, ಜಿಮ್ ಬಂದರೆ ಹೀರೋ, ಬೈಕ್ ಬಂದರೆ ಎಕ್ಸ್‌ಪ್ಲೋರರ್. ಇದಕ್ಕೆ ವರ್ಕ್‌ಶಾಪ್ ಯಾಕೆ ಬೇಕು? ಪತ್ತೆ ಮಾಡೋದೂ ಸುಲಭ. ಆ ಪುಟದಲ್ಲಿ ನಿಮ್ಮ ಹೆಸರು ತೆಗೆದು ಎದುರಾಳಿ ಕಂಪನಿಯ ಹೆಸರು ಹಾಕಿ ಓದಿ. ಸರಾಗವಾಗಿ ಓದಿಸಿಕೊಂಡು ಹೋದರೆ ಅವರು ಎಣ್ಣೆಯ ಬಗ್ಗೆ ಬರೆದಿದ್ದಾರೆ, ನಿಮ್ಮ ಬಗ್ಗೆ ಅಲ್ಲ.

ಎಣ್ಣೆ ವ್ಯಾಪಾರದಲ್ಲಿ ಕೇರ್‌ಗಿವರ್ ಮಾತಿಗೆ ಇನ್ನೊಂದು ತೊಡಕೂ ಇದೆ. ಕಾಳಜಿ ಅಂತ ಶುರುವಾದದ್ದು ಎರಡನೇ ಸಾಲಿಗೇ ಆರೋಗ್ಯಕ್ಕೆ ಜಾರುತ್ತದೆ, ಮೂರನೇ ಸಾಲಿಗೆ ಹೃದಯಕ್ಕೆ. 2021ರ ಜನವರಿಯಲ್ಲಿ ಸೌರವ್ ಗಂಗೂಲಿ ಅವರಿಗೆ ಲಘು ಹೃದಯಾಘಾತ ಆಯಿತು. ಆಗ ಅವರು ಫಾರ್ಚೂನ್ ರೈಸ್ ಬ್ರಾನ್ ಎಣ್ಣೆಯ ಜಾಹೀರಾತಿನಲ್ಲಿದ್ದರು, ಆ ಜಾಹೀರಾತಿನ ಮಾತೂ ಹೃದಯದ್ದೇ. ಜಾಲತಾಣಗಳಲ್ಲಿ ತಮಾಷೆ ಹರಿದಾಡಿತು, ಕಂಪನಿ ಆ ಜಾಹೀರಾತುಗಳನ್ನು ನಿಲ್ಲಿಸಬೇಕಾಯಿತು. ಒಬ್ಬ ಮನುಷ್ಯನ ಹೃದಯಕ್ಕೂ ಒಂದು ಎಣ್ಣೆಗೂ ಹಾಗೆ ನೇರ ಸಂಬಂಧ ಕಟ್ಟೋದು ನ್ಯಾಯವಲ್ಲ, ನಿಜ. ಆದರೆ ಸಂಬಂಧ ಕಟ್ಟಿದ್ದು ಮೊದಲು ಜಾಹೀರಾತೇ ಅಲ್ವಾ? ನಿಮ್ಮಂಥ ಸಣ್ಣವರಿಗೆ ತಮಾಷೆಗಿಂತ ಕಾನೂನೇ ಹತ್ತಿರ. 'ಆಂಟಿ ಕೊಲೆಸ್ಟರಾಲ್', 'ಸೂದಿಂಗ್ ಟು ಹಾರ್ಟ್' ಎಂಬಂಥ ಮಾತುಗಳನ್ನು ಅಡುಗೆ ಎಣ್ಣೆಯ ಲೇಬಲ್ ಮೇಲೆ ಹಾಕಬಾರದು ಅಂತ ಆಹಾರ ಸುರಕ್ಷತಾ ನಿಯಮಗಳಲ್ಲೇ ಇದೆ. ಏಜೆನ್ಸಿಯ ಕಾಪಿ ಬರೆಯುವವರಿಗೆ ಇದು ಗೊತ್ತಿರುತ್ತದೆ ಅಂತ ನಂಬಿ ಕೂರಬೇಡಿ.

ಇನ್ನು ಆ 60, 30, 10. ಇದನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಯಾವ ತಕ್ಕಡಿಯಲ್ಲಿ ತೂಗಿದರು? ಸಾಮಾನ್ಯವಾಗಿ ಆಗೋದು ಹೀಗೆ: ಗೋಡೆ ಮೇಲೆ ಹನ್ನೆರಡು ಕಾರ್ಡ್ ಅಂಟಿಸುತ್ತಾರೆ, ಬಂದವರೆಲ್ಲ ಬಣ್ಣದ ಚುಕ್ಕಿ ಅಂಟಿಸುತ್ತಾರೆ, ಚುಕ್ಕಿ ಎಣಿಸಿ ಪರ್ಸೆಂಟ್ ಮಾಡುತ್ತಾರೆ. ಅಂದರೆ ಅದು ನಿಮ್ಮ ಬ್ರ್ಯಾಂಡ್‌ನ ಅಳತೆಯಲ್ಲ, ಆವತ್ತು ಕೋಣೆಯಲ್ಲಿದ್ದವರ ಮತ ಎಣಿಕೆ. ನೀವು ಕೇರ್‌ಗಿವರ್ ಅಂದಿರಿ, ಪಾರ್ಟ್ನರ್ ಸೇಜ್ ಅಂದರು, ಯಾರೋ ಒಬ್ಬ ಹುಡುಗ ಎಕ್ಸ್‌ಪ್ಲೋರರ್ ಅಂದ. ಯಾರಿಗೂ ಬೇಜಾರಾಗದಂತೆ ಮೂವರಿಗೂ ಪಾಲು ಕೊಟ್ಟರು. ಎಲ್ಲರೂ ಖುಷಿಯಾಗಿ ಊಟಕ್ಕೆ ಹೋದಿರಿ. ಆದರೆ ವರ್ಕ್‌ಶಾಪ್‌ನಲ್ಲಿ ನಡೆಯಬೇಕಿದ್ದ ಜಗಳ ಇತ್ತಲ್ಲ, ಅದೇ ನಡೆಯಲಿಲ್ಲ. ಆರ್ಕಿಟೈಪ್‌ನಿಂದ ಏನಾದರೂ ಪ್ರಯೋಜನ ಇದ್ದರೆ ಅದು ಆ ಜಗಳದಲ್ಲೇ ಇದೆ.

ಆ ಜಗಳವನ್ನು ಹೇಗೆ ಮಾಡೋದು ಅಂತ ನಿಮ್ಮದೇ ಉದಾಹರಣೆಯಲ್ಲಿ ತೋರಿಸ್ತೀನಿ. ಕಾರ್ಡ್, ಚಕ್ರ, ಸಿಂಹದ ಚಿತ್ರ, ಎಲ್ಲ ಪಕ್ಕಕ್ಕಿಡಿ. ಕಂಪನಿಯ ವಾಟ್ಸಾಪ್ ತೆಗೆಯಿರಿ. ಕಳೆದ ಎರಡು ಮೂರು ತಿಂಗಳಲ್ಲಿ ಬಂದ ಮೆಸೇಜುಗಳಲ್ಲಿ ಉತ್ತರ ಕೊಡಲು ಕಷ್ಟ ಆದ ಐದನ್ನು ಆರಿಸಿ. ಗಾಣದ ಎಣ್ಣೆಯವರಿಗೆ ಯಾವುವು ಬರುತ್ತವೆ ಅಂತ ಹೆಚ್ಚುಕಡಿಮೆ ಊಹಿಸಬಹುದು: ತಳದಲ್ಲಿ ಗಸಿ ಇದೆ, ಕರಿಯುವಾಗ ನೊರೆ ಬರುತ್ತೆ, ಅಂಗಡಿ ಎಣ್ಣೆಗಿಂತ ಯಾಕಿಷ್ಟು ರೇಟು, ಬೇಸಿಗೆಯಲ್ಲಿ ಕಮಟು ವಾಸನೆ ಬಂತು, ಪಾರ್ಸೆಲ್ ತಡ ಆಯ್ತು. ಈಗ ಮೂರು ಜನ ಕೂತು, ಒಬ್ಬೊಬ್ಬರು ಒಂದೊಂದು ಆರ್ಕಿಟೈಪ್ ಹಿಡಿದು, ಪ್ರತಿಯೊಂದಕ್ಕೂ ಉತ್ತರ ಬರೆಯಿರಿ. ಪೋಸ್ಟರ್ ಮಾತಲ್ಲ, ನಿಜವಾಗಿ ಕಳಿಸುವ ಉತ್ತರ.

ಮೊದಲನೆಯದನ್ನು ನಾನೇ ಬರೆದು ತೋರಿಸ್ತೀನಿ. ಗಿರಾಕಿ ಬರೆದಿದ್ದಾರೆ: 'ಬಾಟಲಿ ತಳದಲ್ಲಿ ಕೆಸರು ಥರ ಕೂತಿದೆ. ಕಲಬೆರಕೆನಾ?'

ಕೇರ್‌ಗಿವರ್ ಹಿಡಿದವರು ಹೀಗೆ ಬರೀತಾರೆ: 'ಅಕ್ಕ, ಗಾಬರಿ ಆಗ್ಬೇಡಿ. ಅದು ಕಡಲೆಕಾಯಿಯದೇ ಗಸಿ, ಮನೇಲಿ ಯಾರಿಗೂ ತೊಂದರೆ ಆಗಲ್ಲ. ಆದ್ರೂ ಮನಸ್ಸಿಗೆ ಸಮಾಧಾನ ಇಲ್ಲ ಅಂದ್ರೆ ಬಳಸಬೇಡಿ. ಆ ಬಾಟಲಿ ನಾವೇ ವಾಪಸ್ ತಗೊಂಡು ಬೇರೆ ಕಳಿಸ್ತೀವಿ, ದುಡ್ಡು ಏನೂ ಬೇಡ.'

ಸೇಜ್ ಹಿಡಿದವರು: 'ಗಾಣದಿಂದ ಬಂದ ಎಣ್ಣೆಯನ್ನು ನಾವು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸುತ್ತೇವೆ, ರಿಫೈನ್ ಮಾಡುವುದಿಲ್ಲ. ಹಾಗಾಗಿ ಕಾಳಿನ ಸಣ್ಣ ಕಣಗಳು ಸ್ವಲ್ಪ ಉಳಿಯುತ್ತವೆ. ನಿಮ್ಮ ಬಾಟಲಿಯ ಬ್ಯಾಚ್ ನಂಬರ್ ಕಳಿಸಿ. ಯಾವತ್ತು ಆಡಿಸಿದ್ದು, ಎಷ್ಟು ದಿನ ತಿಳಿಯಾಗಲು ಬಿಟ್ಟಿದ್ದೆವು ಅಂತ ನೋಡಿ ಹೇಳುತ್ತೇವೆ. ಅದೇ ಬ್ಯಾಚಿನ ನಮ್ಮ ಬಾಟಲಿಯ ಫೋಟೋ ಕೂಡ ಕಳಿಸುತ್ತೇವೆ.'

ಎವ್ರಿಮ್ಯಾನ್, ಅಂದರೆ ನಿಮ್ಮಂಥವರೇ ನಾವು ಅನ್ನೋರು: 'ಅದು ಗಸಿ ಅಕ್ಕ, ನಮ್ಮ ಮನೆ ಡಬ್ಬೀಲೂ ಇರುತ್ತೆ. ಎರಡು ದಿನ ಅಲ್ಲಾಡಿಸದೆ ಇಡಿ, ಮೇಲಿನ ತಿಳಿ ಬಗ್ಗಿಸ್ಕೊಳ್ಳಿ. ಗಸಿ ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ ಕಲಸಿ.'

ಮೂರೂ ಸುಳ್ಳಲ್ಲ. ಮೂರನ್ನೂ ಒಳ್ಳೆಯ ಕಂಪನಿಯೊಂದು ಕಳಿಸಬಹುದು. ಆದರೆ ಪ್ರತಿ ಉತ್ತರದ ಹಿಂದೆ ಯಾವ ಖರ್ಚು ನಿಂತಿದೆ ನೋಡಿ. ಮೊದಲನೇ ಉತ್ತರ ಕಳಿಸಬೇಕಾದರೆ, ಪ್ರಶ್ನೆ ಕೇಳದೆ ಬಾಟಲಿ ಬದಲಾಯಿಸಿಕೊಡುವ ಪದ್ಧತಿ ಬೇಕು. ಒಂದು ಬಾಟಲಿಯ ಬೆಲೆ, ಎರಡು ಕಡೆಯ ಕೊರಿಯರ್, ಒಡೆಯದಂತೆ ಪ್ಯಾಕಿಂಗ್. ಗಸಿ ಇರೋದು ಎಲ್ಲ ಬಾಟಲಿಯಲ್ಲೂ ಆದ್ದರಿಂದ, ಬದಲಿಗೆ ಕಳಿಸಿದ ಬಾಟಲಿಯಲ್ಲೂ ಅದೇ ಇರುತ್ತದೆ. ಎರಡನೇ ಉತ್ತರಕ್ಕೆ ಬ್ಯಾಚ್ ಪುಸ್ತಕ ಬೇಕು, ಪ್ರತಿ ಬ್ಯಾಚಿನ ಒಂದೊಂದು ಬಾಟಲಿ ತೆಗೆದಿಡುವ ಕಪಾಟು ಬೇಕು, ಬರೆದಿಡುವ ಶಿಸ್ತಿನ ಒಬ್ಬ ಮನುಷ್ಯ ಬೇಕು. ಮೂರನೆಯದಕ್ಕೆ ಖರ್ಚು ಕಡಿಮೆ, ಆದರೆ ನಿಜವಾಗಿ ಆ ಧಾಟಿಯಲ್ಲಿ ಮಾತಾಡಬಲ್ಲವರೇ ಫೋನ್ ಹಿಡಿದಿರಬೇಕು. ಬಾಡಿಗೆಗೆ ತಂದ ಕಾಲ್ ಸೆಂಟರ್‌ಗೆ ಅದು ಬರೋದಿಲ್ಲ.

ನಾನು ತಂಡಗಳ ಜೊತೆ ಕೂತಾಗ ಆರ್ಕಿಟೈಪ್ ಕೆಲಸಕ್ಕೆ ಬರೋದು ಇಲ್ಲೇ. 'ಕಾಳಜಿ', 'ನಂಬಿಕೆ' ಅಂತ ಮಾತಾಡುತ್ತಿದ್ದಷ್ಟು ಹೊತ್ತು ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಮೂರು ಉತ್ತರ ಮುಂದಿಟ್ಟು 'ಯಾವುದನ್ನು ಕಳಿಸೋಣ?' ಅಂದ ಕೂಡಲೇ ಲೆಕ್ಕದವರು ಬಾಯಿ ಬಿಡುತ್ತಾರೆ, ಪ್ಯಾಕಿಂಗ್‌ನವರು ಬಾಯಿ ಬಿಡುತ್ತಾರೆ. ಮಾಲೀಕರಿಬ್ಬರ ಮನಸ್ಸಿನಲ್ಲಿ ಇಷ್ಟು ದಿನ ಬೇರೆ ಬೇರೆ ಕಂಪನಿ ಇತ್ತು ಅಂತ ಆಗ ಗೊತ್ತಾಗುತ್ತದೆ. ಆರ್ಕಿಟೈಪ್ ಹೆಸರುಗಳು ಅದನ್ನು ಹೇಳಿಕೊಳ್ಳಲು ಒಂದು ಸುಲಭದ ಭಾಷೆ ಕೊಡುತ್ತವೆ. 'ನಿನ್ನ ಧಾಟಿ ಸರಿ ಇಲ್ಲ' ಅಂದರೆ ಮನಸ್ತಾಪ. 'ಇದು ಕೇರ್‌ಗಿವರ್ ಉತ್ತರ, ನಾವು ಸೇಜ್ ಅಂತ ಒಪ್ಪಿದ್ವಲ್ಲ' ಅಂದರೆ ಕೆಲಸದ ಮಾತು.

ಈಗ ರೇಟಿನ ಪ್ರಶ್ನೆ ತೆಗೆದುಕೊಳ್ಳಿ. ಕಾಯಿ ರೇಟು ಏರಿತು, ನೀವೂ ಏರಿಸಬೇಕು. ಒಂದು ಲೀಟರ್ ಎಣ್ಣೆಗೆ ಸುಮಾರು 2.5 ಕಿಲೋ ಬೀಜ ಬೇಕು ಅಂತ ಇಟ್ಟುಕೊಳ್ಳೋಣ. ಸೇಜ್ ಆದವರು ಲೆಕ್ಕ ಬಿಚ್ಚಿಡುತ್ತಾರೆ: ಬೀಜಕ್ಕೆ ಇಷ್ಟು, ಕೂಲಿ ಇಷ್ಟು, ಬಾಟಲಿ ಇಷ್ಟು, ಹಿಂಡಿ ಮಾರಿದ್ದರಿಂದ ವಾಪಸ್ ಬಂದದ್ದು ಇಷ್ಟು, ನಮಗೆ ಉಳಿಯೋದು ಇಷ್ಟು. ಬರೆಯಲು ಚೆನ್ನಾಗಿದೆ. ಆದರೆ ಒಂದು ಸಲ ಬಿಚ್ಚಿಟ್ಟ ಮೇಲೆ ಕಾಯಿ ರೇಟು ಇಳಿದಾಗಲೂ ಬಿಚ್ಚಿಡಬೇಕು, ನಿಮ್ಮ ರೇಟೂ ಇಳಿಸಬೇಕು. ಅದಕ್ಕೆ ಇಬ್ಬರು ಮಾಲೀಕರೂ ಸಿದ್ಧರಿದ್ದೀರಾ? ಇಲ್ಲ ಅಂದರೆ ನೀವು ಸೇಜ್ ಅಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವೆಬ್‌ಸೈಟ್‌ನಲ್ಲಿ 'ಪಾರದರ್ಶಕ' ಅಂತ ಬರೆಯೋದು ಬಿಡಿ.

ಕಮಟು ಎಣ್ಣೆಯ ದೂರು ಇದೆಲ್ಲಕ್ಕಿಂತ ಕಠಿಣ. ರಿಫೈನ್ ಮಾಡದ ಎಣ್ಣೆ ಬಿಸಿಲಿಗೆ, ಗಾಳಿಗೆ ಬೇಗ ಕೆಡುತ್ತದೆ. ಇಲ್ಲಿ ಸೇಜ್ ಹಿಡಿದವರು ಒಂದು ಹಳ್ಳಕ್ಕೆ ಬೀಳುತ್ತಾರೆ: ಪಾಠ ಮಾಡಲು ಶುರುಮಾಡುತ್ತಾರೆ. 'ಬಿಸಿಲಿನಲ್ಲಿ ಇಡಬಾರದು, ಮುಚ್ಚಳ ಬಿಗಿಯಾಗಿ ಹಾಕಬೇಕು.' ದುಡ್ಡು ಕೊಟ್ಟು ಕೆಟ್ಟ ಎಣ್ಣೆ ತಂದುಕೊಂಡವರಿಗೆ ಇದು ಬೈದಂತೆ ಕೇಳುತ್ತದೆ. ಅಲ್ಲಿ ಮೊದಲ ಸಾಲು 'ದುಡ್ಡು ವಾಪಸ್ ಹಾಕ್ತೀವಿ' ಅಂತಲೇ ಇರಬೇಕು, ಯಾವ ಆರ್ಕಿಟೈಪ್ ಆದರೂ. ಎರಡನೇ ಸಾಲಿನಲ್ಲಿ ಬೇಕಾದರೆ ಬ್ಯಾಚ್ ನಂಬರ್ ಕೇಳಿ. ಸರಕು ಕೆಟ್ಟಾಗ ಏನು ಮಾಡಬೇಕು ಅನ್ನೋದನ್ನು ಆರ್ಕಿಟೈಪ್ ನಿರ್ಧರಿಸಬಾರದು.

ನನ್ನನ್ನು ಕೇಳಿದರೆ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಯಾರೂ ಹೇಳದೇನೇ ನೀವು ಬಾಟಲಿ ಮೇಲೆ ಊರು, ದಿನಾಂಕ ಬರೆಯುತ್ತಿದ್ದೀರಿ. ಅದು ಸೇಜ್‌ನ ಕೆಲಸ, ಅದರ ಖರ್ಚನ್ನೂ ಈಗಾಗಲೇ ಹೊತ್ತಿದ್ದೀರಿ. ಈಗಾಗಲೇ ಖರ್ಚು ಮಾಡುತ್ತಿರುವ ಕಡೆ ಇನ್ನೊಂದು ಹೆಜ್ಜೆ ಇಡೋದು ಅಗ್ಗ. ಇಲ್ಲದ ಕಡೆ ಹೊಸದಾಗಿ ಶುರು ಮಾಡೋದು ದುಬಾರಿ. ಏಜೆನ್ಸಿಯವರು ನಿಮಗೆ ಯಾರ ಥರ ಕಾಣಬೇಕು ಅಂತ ಆಸೆ ಇದೆ ಅಂತ ಕೇಳಿದರು. ದುಡ್ಡು, ಸಮಯ ಈಗಾಗಲೇ ಎಲ್ಲಿ ಸುರಿಯುತ್ತಿದ್ದೀರಿ ಅಂತ ಕೇಳಬೇಕಿತ್ತು.

ಖರ್ಚು ಹೊರದೆ ವೇಷ ಮಾತ್ರ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಪೆಪ್ಸಿಯ 2017ರ ಜಾಹೀರಾತು ಇದೆ. ಬೀದಿಯಲ್ಲಿ ಪ್ರತಿಭಟನೆ, ಮಾಡೆಲ್ ಕೆಂಡಲ್ ಜೆನ್ನರ್ ಬಂದು ಸಾಲಿನಲ್ಲಿ ನಿಂತ ಪೊಲೀಸನಿಗೆ ಒಂದು ಪೆಪ್ಸಿ ಕ್ಯಾನ್ ಕೊಡುತ್ತಾರೆ, ಎಲ್ಲರೂ ಖುಷಿಪಡುತ್ತಾರೆ. ಅಮೆರಿಕದಲ್ಲಿ ಕಪ್ಪು ಜನರ ಪ್ರತಿಭಟನೆಗಳು ಇನ್ನೂ ಹಸಿಯಾಗಿದ್ದ ಹೊತ್ತು ಅದು. ಬಂಡಾಯಗಾರರ ನೋಟ ಇತ್ತು, ಬಂಡಾಯಕ್ಕೆ ಕೊಡಬೇಕಾದ ಬೆಲೆ ಏನೂ ಇರಲಿಲ್ಲ. ಬಿಡುಗಡೆಯಾದ ಮಾರನೇ ದಿನವೇ ಕಂಪನಿ ಕ್ಷಮೆ ಕೇಳಿ ಹಿಂದಕ್ಕೆ ಪಡೆಯಿತು. ಅತ್ತ, ಔಟ್‌ಲಾ ಅಂದರೆ ಬಂಡಾಯಗಾರ, ಆ ಹೆಸರು ಬಂದ ಕೂಡಲೇ ಎಲ್ಲರ ಸ್ಲೈಡ್‌ನಲ್ಲೂ ಬರುವ ಹಾರ್ಲೆ ಡೇವಿಡ್ಸನ್, 2020ರಲ್ಲಿ ಭಾರತದಲ್ಲಿ ಸ್ವಂತ ವ್ಯಾಪಾರ ಮುಚ್ಚಿ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದ ಮಾಡಿಕೊಂಡಿತು. ಔಟ್‌ಲಾ ಹೋಗಿ ಹೀರೋ ಕೈ ಹಿಡಿದ. ಮಾರುಕಟ್ಟೆಗೆ ಆರ್ಕಿಟೈಪ್ ಚಕ್ರದ ಬಗ್ಗೆ ಅಂಥ ಗೌರವ ಏನಿಲ್ಲ.

ಲೇಬಲ್ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಆರ್ಕಿಟೈಪ್ ಬದಲಾಯಿತು ಅಂತ ಲೇಬಲ್ ಬದಲಾಯಿಸೋದು ನಾನು ಕಂಡಿರುವ ದುಬಾರಿ ದುರ್ಬಳಕೆ. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದದ್ದು. ಅದರ ಆರ್ಕಿಟೈಪ್ ಯಾವುದು? ಅರಸರ ಹಿನ್ನೆಲೆ ಇದೆ, ರೂಲರ್ ಅನ್ನಬಹುದು. ಗಂಧದ ಪರಿಮಳ, ಲವರ್ ಅನ್ನಬಹುದು. ಅಜ್ಜಿ ಕಾಲದ್ದು, ಶುದ್ಧ ಎಣ್ಣೆ, ಇನ್ನೊಸೆಂಟ್ ಅನ್ನಬಹುದು. ಒಂದು ಮಧ್ಯಾಹ್ನ ಪೂರ್ತಿ ವಾದ ಮಾಡಬಹುದು. ಆದರೆ ಅಂಗಡಿಯಲ್ಲಿ ಜನ ಅದನ್ನು ಗುರುತಿಸೋದು ಆ ಪೆಟ್ಟಿಗೆಯಿಂದ, ಅಂಡಾಕಾರದ ಸೋಪಿನಿಂದ, ಆನೆ ಸೊಂಡಿಲು ಸಿಂಹದ ಮೈಯ ಶರಭದಿಂದ, ಮೂಗಿಗೆ ಬರುವ ಗಂಧದಿಂದ. ಆರ್ಕಿಟೈಪ್ ಹೆಸರಲ್ಲಿ ಇವುಗಳಲ್ಲಿ ಒಂದನ್ನು ತೆಗೆದರೂ ಗಿರಾಕಿ ಕಪಾಟಿನ ಮುಂದೆ ನಿಂತು ತಡಕಾಡುತ್ತಾರೆ. ಬೈರನ್ ಶಾರ್ಪ್ ಮುಂತಾದ ಮಾರುಕಟ್ಟೆ ಸಂಶೋಧಕರು ಹೇಳುತ್ತಾ ಬಂದಿರುವುದೂ ಇದನ್ನೇ. ಒಂದೇ ಬಗೆಯ ಸರಕಿನ ಬೇರೆ ಬೇರೆ ಬ್ರ್ಯಾಂಡ್ ಬಳಸುವವರನ್ನು ಕೇಳಿದರೆ, ತಮ್ಮ ತಮ್ಮ ಬ್ರ್ಯಾಂಡ್‌ನ ಗುಣವನ್ನು ಹೆಚ್ಚುಕಡಿಮೆ ಒಂದೇ ಥರ ಹೇಳುತ್ತಾರೆ. ಕೊಳ್ಳುವ ಹೊತ್ತಿಗೆ ಕೆಲಸ ಮಾಡೋದು ಹೆಚ್ಚಾಗಿ ಗುರುತು ಮತ್ತು ನೆನಪು.

ಹಾಗಾಗಿ ಲೇಬಲ್ ಮುಟ್ಟುವ ಮುಂಚೆ ಹಳೇ ಗಿರಾಕಿಗಳಲ್ಲಿ ಕೆಲವರಿಗೆ ಫೋನ್ ಮಾಡಿ, ಬಾಟಲಿ ನೋಡದೆ ಅದು ಹೇಗಿದೆ ಅಂತ ಹೇಳಲು ಕೇಳಿ. 'ಕೈಬರಹದಲ್ಲಿ ದಿನಾಂಕ ಇರುತ್ತೆ' ಅಂತ ನಾಲ್ಕು ಜನ ಹೇಳಿದರೆ ಆ ಕೈಬರಹವೇ ನಿಮ್ಮ ಆಸ್ತಿ. ಅದನ್ನು ಚೊಕ್ಕ ಮಾಡ್ತೀವಿ ಅಂತ ಪ್ರಿಂಟ್ ಅಕ್ಷರಕ್ಕೆ ತರಬೇಡಿ, ಇನ್ನೂ ದೊಡ್ಡದು ಮಾಡಿ. ಅಮ್ಮ ಬಡಿಸುವ ಚಿತ್ರಕ್ಕೆ ಅಲ್ಲಿ ಜಾಗ ಸಿಗೋದು ಕಷ್ಟ. ಚಿತ್ರ ಕೆಟ್ಟದು ಅಂತಲ್ಲ. ಆರ್ಕಿಟೈಪ್ ಅನ್ನು ಅಕ್ಷರಶಃ ಚಿತ್ರ ಮಾಡಿಬಿಡುವ ಅಭ್ಯಾಸ ಅದು. ಕಾಳಜಿ ಅಂದರೆ ಅಮ್ಮ, ಜ್ಞಾನ ಅಂದರೆ ಗಡ್ಡದ ಅಜ್ಜ, ಧೈರ್ಯ ಅಂದರೆ ಸಿಂಹ.

ಏಜೆನ್ಸಿಯವರ ಜೊತೆ ಮುಂದಿನ ಮೀಟಿಂಗ್ ಇದ್ದೇ ಇರುತ್ತದೆ. ಜಗಳ ಆಡಬೇಡಿ, ವರ್ಕ್‌ಶಾಪ್ ಮಾಡಿದ್ದಕ್ಕೆ ದುಡ್ಡು ಕೊಟ್ಟಾಗಿದೆ. ಪರ್ಸೆಂಟ್ ಬಿಟ್ಟು ಒಂದೇ ಹೆಸರು ಹೇಳಿ ಅನ್ನಿ. ಆ ಹೆಸರಿನ ಪ್ರಕಾರ ನಾವು ಇನ್ನು ಮೇಲೆ ಮಾಡಬಾರದ ಮೂರು ಕೆಲಸ ಯಾವುವು ಅಂತ ಕೇಳಿ. ಮಾಡಬೇಕಾದ್ದನ್ನು ಹೇಳೋದು ಸುಲಭ, ಎಲ್ಲ ಆರ್ಕಿಟೈಪ್‌ಗೂ ಒಳ್ಳೇ ಮಾತುಗಳು ಸಿಗುತ್ತವೆ. ಮಾಡಬಾರದ್ದು ಅಂದಾಗ ತಡವರಿಸಿದರೆ ಅವರ ಹತ್ತಿರ ಇರೋದು ಚಕ್ರ ಮಾತ್ರ ಅಂತ ಗೊತ್ತಾಗುತ್ತದೆ. ಸೇಜ್ ಆದರೆ ನನ್ನ ಮೂರು ಇವು: ಹಬ್ಬಕ್ಕೆ ಕಾರಣ ಹೇಳದ ಡಿಸ್ಕೌಂಟ್ ಇಲ್ಲ, ಆರೋಗ್ಯದ ಬಗ್ಗೆ ದಾಖಲೆ ಇಲ್ಲದ ಒಂದು ಮಾತೂ ಇಲ್ಲ, ರಿಫೈನ್ಡ್ ಎಣ್ಣೆಯವರನ್ನು ವಿಷ ಮಾರುವವರು ಅಂತ ಬಯ್ಯೋ ಪೋಸ್ಟ್ ಹಂಚೋದಿಲ್ಲ. ಮೂರನೆಯದು ಗಾಣದ ಎಣ್ಣೆಯವರಿಗೆ ತುಂಬಾ ಕಷ್ಟ, ಅಂಥ ಪೋಸ್ಟ್‌ಗಳಿಗೇ ಲೈಕ್ ಜಾಸ್ತಿ ಬೀಳುತ್ತವೆ.

ಆಮೇಲೆ ಆ ಐದು ಮೆಸೇಜು, ನೀವು ಆರಿಸಿದ ಐದು ಉತ್ತರ, ಈ ಮೂರು 'ಬೇಡ'ಗಳು, ಎಲ್ಲ ಸೇರಿಸಿ ಎರಡು ಪುಟದ ಹಾಳೆ ಮಾಡಿ ಫೋನ್ ಇರುವ ಮೇಜಿನ ಮೇಲೆ ಅಂಟಿಸಿ. ಹೊಸಬರು ಕೆಲಸಕ್ಕೆ ಸೇರಿದಾಗ ಅವರಿಗೆ ಆ ಹಾಳೆ ಸಾಕು, 'ಸೇಜ್' ಅನ್ನೋ ಹೆಸರು ಗೊತ್ತಿರಬೇಕಾಗಿಯೂ ಇಲ್ಲ. ಹೊಸ ಥರದ ದೂರು ಬಂದು, ಹಾಳೆ ನೋಡಿದರೂ ಇಬ್ಬರು ಎರಡು ಥರ ಉತ್ತರ ಬರೆದರೆ, ಆಗ ಮತ್ತೆ ಕೂತು ಆರನೇ ಉತ್ತರ ಸೇರಿಸಿ.